BENGALURU ಅಕ್ಷರಗಳ ಲೆಕ್ಕ: ನನಗೆ 13/28, ಟ್ಯುಟೋರಿಯಲ್ ಕೀ ಉತ್ತರ 1/2. ಯಾರದು ಸರಿ?

ಗಿರಿನಗರದ ಪುಟ್ಟಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು, ಸಿಇಟಿಗೆ ಓದುತ್ತಿದ್ದೇನೆ. ಭಾನುವಾರ ನಮ್ಮ ಟ್ಯುಟೋರಿಯಲ್‌ನಲ್ಲಿ ಮಾದರಿ ಪರೀಕ್ಷೆ ಇತ್ತು. ಅದರಲ್ಲಿ ಬಂದ ಒಂದು ಪ್ರಶ್ನೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

"BENGALURU ಪದದ ಎಲ್ಲ ಅಕ್ಷರಗಳನ್ನು ಯಾದೃಚ್ಛಿಕವಾಗಿ ಒಂದು ಸಾಲಿನಲ್ಲಿ ಜೋಡಿಸಲಾಗಿದೆ. ಎರಡು U ಗಳು ಅಕ್ಕಪಕ್ಕ ಇಲ್ಲ ಎಂದು ತಿಳಿದಿದೆ. ಹಾಗಾದರೆ ಸಾಲು ಸ್ವರದಿಂದ ಆರಂಭವಾಗುವ ಸಂಭವನೀಯತೆ ಎಷ್ಟು?"

ಎ) 4/9  ಬಿ) 13/28  ಸಿ) 1/2  ಡಿ) 15/28

ಆಯ್ಕೆಗಳನ್ನು ನೋಡಿ. 0.444, 0.464, 0.5, 0.536. ಅಂದಾಜಿನಲ್ಲಿ ಹೊಡೆಯೋಣ ಅಂದರೆ ಎಲ್ಲವೂ ಒಂದರ ಮೈಮೇಲೆ ಒಂದು ಕೂತಿವೆ.

ನಾನು ಮಾಡಿದ್ದು ಹೀಗೆ. ಒಟ್ಟು ಜೋಡಣೆ 9!/2 = 181440. ಎರಡು U ಅಂಟಿಕೊಂಡಿರುವುದು 8! = 40320. ಕಳೆದರೆ 141120, ಇದು ಛೇದ. ಮೇಲೆ: U ಮೊದಲು ಬಂದರೆ ಇನ್ನೊಂದು U ಎರಡನೇ ಜಾಗಕ್ಕೆ ಬರುವ ಹಾಗಿಲ್ಲ, ಅದಕ್ಕೆ 7 ಜಾಗ, ಉಳಿದ ಏಳು ಅಕ್ಷರಕ್ಕೆ 7!, ಅಂದರೆ 35280. E ಮೊದಲು ಬಂದರೆ ಉಳಿದ ಎಂಟರಲ್ಲಿ 8!/2 − 7! = 15120. A ಗೂ ಅಷ್ಟೇ. ಕೂಡಿದರೆ 65520. ಭಾಗಿಸಿದರೆ 13/28.

ಸರ್ ಬೋರ್ಡ್ ಮೇಲೆ U ಮೊದಲು ಬಂದಾಗ "ಉಳಿದ ಎಂಟು ಅಕ್ಷರ, 8! = 40320" ಅಂತ ಬರೆದರು. E, A ಗೆ ನನ್ನ ಹಾಗೆಯೇ 15120. ಮೊತ್ತ 70560, ಅದು 141120 ರ ಸರಿಯಾದ ಅರ್ಧ! ಇಡೀ ಕ್ಲಾಸ್ "ಆಹಾ" ಅಂದಿತು. ಅಷ್ಟು ಚೆನ್ನಾಗಿ ಅರ್ಧ ಬಂದಮೇಲೆ ಕೈ ಎತ್ತಲು ನನಗೆ ಧೈರ್ಯ ಬರಲಿಲ್ಲ. ನಾನೇ ತಪ್ಪಾ?

---

ಹನುಮಂತನಗರ ಎಕ್ಸ್‌ಪ್ರೆಸ್

4/9 ತಾನೆ? ಒಂಬತ್ತು ಅಕ್ಷರ, ನಾಲ್ಕು ಸ್ವರ. ಇಷ್ಟು ಎಳೆಯುವುದು ಯಾಕೆ?

---

ಕೋಡ್ ಕುಟ್ಟಪ್ಪ

ಎಕ್ಸ್‌ಪ್ರೆಸ್ ಅವರೇ, ಮಧ್ಯದ ಸ್ಟಾಪ್ ಬಿಟ್ಟು ಹೋದಿರಿ. "U ಗಳು ಅಕ್ಕಪಕ್ಕ ಇಲ್ಲ ಎಂದು ತಿಳಿದಿದೆ" ಅನ್ನುವ ವಾಕ್ಯ ಇದೆ ನೋಡಿ.

---

ಹನುಮಂತನಗರ ಎಕ್ಸ್‌ಪ್ರೆಸ್

ನೋಡಿದೆ. ಆದರೆ U ಅಕ್ಕಪಕ್ಕ ಇದ್ದರೇನು ಬಿಟ್ಟರೇನು, ಮೊದಲ ಜಾಗಕ್ಕೂ ಅದಕ್ಕೂ ಏನು ಸಂಬಂಧ?

---

ಚಾಮರಾಜಪೇಟೆ ಚಿನ್ನಿ

ನಂಗೆ 2/3 ಬಂತು. ಆಯ್ಕೆಯಲ್ಲೇ ಇಲ್ಲ. ಪ್ರಶ್ನೆಯೇ ತಪ್ಪು ಅನಿಸುತ್ತೆ. ಐದು ವ್ಯಂಜನ ಇಟ್ಟರೆ ಸುತ್ತ ಆರು ಸಂದು, ಅದರಲ್ಲಿ ನಾಲ್ಕರಲ್ಲಿ ಸ್ವರ ಇಡಬೇಕು, 15 ರೀತಿ. ಮೊದಲ ಸಂದಿನಲ್ಲಿ ಸ್ವರ ಇರಲೇಬೇಕು ಅಂದರೆ 10 ರೀತಿ. 10/15.

---

ಲೆಕ್ಕದ ಟೀಚರಮ್ಮ

ಚಿನ್ನಿ, ನಿನ್ನ ಲೆಕ್ಕ ಸರಿ, ಪ್ರಶ್ನೆ ಮಾತ್ರ ಬೇರೆ. ನೀನು ಮಾಡಿದ್ದು "ಯಾವ ಎರಡು ಸ್ವರವೂ ಅಕ್ಕಪಕ್ಕ ಇಲ್ಲ" ಅನ್ನುವುದಕ್ಕೆ. ಇಲ್ಲಿ ದೂರ ಇರಬೇಕಾದ್ದು U ಗಳು ಮಾತ್ರ. E ಪಕ್ಕ A ಕೂರಬಹುದು, U ಪಕ್ಕ E ಕೂರಬಹುದು. ಓದುವ ಅವಸರದಲ್ಲಿ ತುಂಬಾ ಮಕ್ಕಳು ಹೀಗೇ ಜಾರುತ್ತಾರೆ. ಪುಣ್ಯಕ್ಕೆ 2/3 ಆಯ್ಕೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಖುಷಿಯಾಗಿ ಗುಂಡಿ ತುಂಬಿ ಮುಂದೆ ಹೋಗುತ್ತಿದ್ದೆ.

ಗಿರಿನಗರದ ಪುಟ್ಟಿಗೆ: ನೀನೇ ಸರಿ, 13/28. ಆದರೆ ನಾನು ಹೇಳಿದೆ ಅಂತ ನಂಬಬೇಡ. ಸರ್ ಲೆಕ್ಕ ಎಲ್ಲಿ ಹಾಳಾಯಿತು ಅಂತ ನೀನೇ ಹಿಡಿಯಬಹುದು. ವ್ಯಂಜನದಿಂದ ಶುರುವಾಗುವ ಸಾಲುಗಳನ್ನು ಎಣಿಸು. ಐದು ವ್ಯಂಜನ, ಒಂದೊಂದಕ್ಕೂ E ಗೆ ಬಂದ ಹಾಗೇ 15120. ಒಟ್ಟು 75600. ಒಂದು ಸಾಲು ಸ್ವರದಿಂದ ಶುರುವಾಗಬೇಕು, ಇಲ್ಲ ವ್ಯಂಜನದಿಂದ. ಮೂರನೆಯದು ಇಲ್ಲ. ಹಾಗಾಗಿ ಎರಡೂ ಕೂಡಿದರೆ 141120 ಆಗಲೇಬೇಕು.

ನಿನ್ನ 65520 + 75600 = 141120. ಚುಕ್ತಾ.

ಸರ್ ಅವರ 70560 + 75600 = 146160. ಡಬ್ಬದಲ್ಲಿ ಇರುವುದಕ್ಕಿಂತ 5040 ಜಾಸ್ತಿ ಹೊರಗೆ ಬಂತು. ಈ 5040 ಎಲ್ಲಿಂದ ಬಂತು? ಅದು 7!. ಅಂದರೆ UU ಅಂತಲೇ ಶುರುವಾಗುವ ಸಾಲುಗಳು. ಷರತ್ತು ಹಾಕಿ ಮೊದಲೇ ಆಚೆ ಹಾಕಿದ್ದ ಸಾಲುಗಳನ್ನು ಮೇಲೆ ಎಣಿಸುವಾಗ ವಾಪಸ್ ಒಳಗೆ ಬಿಟ್ಟುಕೊಂಡಿದ್ದಾರೆ.

---

ಗಿರಿನಗರದ ಪುಟ್ಟಿ

ಅಯ್ಯೋ ಹೌದಲ್ವಾ!! ಛೇದದಲ್ಲಿ ತೆಗೆದದ್ದನ್ನು ಅಂಶದಲ್ಲಿ ತೆಗೆದಿಲ್ಲ. ತುಂಬಾ ಥ್ಯಾಂಕ್ಸ್ ಟೀಚರ್.

---

ಲೆಕ್ಕದ ಟೀಚರಮ್ಮ

ಇನ್ನೊಂದು ತಮಾಷೆ ನೋಡು. ಆಯ್ಕೆಗಳು ಸುಮ್ನೆ ಬಂದವಲ್ಲ. ತಪ್ಪು ಆಯ್ಕೆ ಮೂರೂ ಬೇರೆ ಬೇರೆ ಮರೆವಿನ ಫಲ. ಷರತ್ತನ್ನೇ ಮರೆತರೆ 4/9. U ಮೊದಲು ಬಂದಾಗ ಮಾತ್ರ ಮರೆತರೆ 1/2. ಅಲ್ಲಿ ನೆನಪಿಟ್ಟು, E ಮತ್ತು A ಮೊದಲು ಬಂದಾಗ ಮರೆತು 8!/2 ಹಾಗೇ ಬಿಟ್ಟರೆ 35280 + 20160 + 20160 = 75600, ಅದು 15/28. ಇನ್ನು ಲೆಕ್ಕವೆಲ್ಲ ಸರಿಯಾಗಿ ಮಾಡಿ ಕೊನೆಗೆ ಸ್ವರದ ಬದಲು ವ್ಯಂಜನಕ್ಕೆ ಉತ್ತರ ಬರೆದರೂ 15/28 ಬರುತ್ತದೆ. ಒಂದೇ ಗುಂಡಿಗೆ ಎರಡು ದಾರಿ.

ಪ್ರಶ್ನೆ ಮಾಡಿದವರು ಬುದ್ಧಿವಂತರು. ಕೀ ಉತ್ತರ ಬರೆದವರು ಬೇರೆಯವರಿರಬೇಕು!

---

ಮಗ್ಗಿ ಮಂಜ

ಇಷ್ಟು ದೊಡ್ಡ ಸಂಖ್ಯೆ ಯಾಕೆ ಬೇಕು? 141120 ಅಂತೆ, 65520 ಅಂತೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್. ನಾನು ಹೇಳ್ತೀನಿ ಕೇಳಿ. ಒಂಬತ್ತು ಜಾಗದಲ್ಲಿ ಎರಡು U ಗೆ ಜಾಗ ಆರಿಸುವುದು 36 ರೀತಿ. ಅದರಲ್ಲಿ ಅಕ್ಕಪಕ್ಕದ ಜೋಡಿ 8. ಉಳಿದದ್ದು 28. ಮೊದಲ ಜಾಗದಲ್ಲಿ U ಇರುವ ಜೋಡಿ 7. ಅಂದರೆ U ಇಂದ ಶುರುವಾಗುವುದು 7/28 = 1/4. E ಅಥವಾ A ಇಂದ ಶುರುವಾಗುವುದು 2/9, ಅವಕ್ಕೆ ಯಾವ ಷರತ್ತೂ ಇಲ್ಲವಲ್ಲ. ಕೂಡಿದರೆ 1/4 + 2/9 = 17/36. ಅದು 0.472. ಹತ್ತಿರದ ಆಯ್ಕೆ 13/28. ಟಿಕ್. ಮುಂದಿನ ಪ್ರಶ್ನೆ.

---

ಕೋಡ್ ಕುಟ್ಟಪ್ಪ

ಹತ್ತಿರದ ಆಯ್ಕೆ ಅಂತೆ! ಗುರೂ, ಇದು ಗಣಿತ, ಆಟೋ ಮೀಟರ್ ಅಲ್ಲ. 17/36 ಆಯ್ಕೆಯಲ್ಲೇ ಇಲ್ಲ ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

---

ಮಗ್ಗಿ ಮಂಜ

ಮಾರ್ಕ್ಸ್ ಬಂತೋ ಇಲ್ವೋ? ಓಎಂಆರ್ ಶೀಟ್ ನಿನ್ನ ವಿಧಾನ ಕೇಳಲ್ಲ ಮಗಾ.

---

ಲೆಕ್ಕದ ಟೀಚರಮ್ಮ

ಮಂಜ, ಮುಕ್ಕಾಲು ದಾರಿ ನೀನು ತುಂಬಾ ಚೆನ್ನಾಗಿ ಬಂದೆ. 28 ಜೋಡಿ, 7 ಜೋಡಿ, 1/4, ಇದೇ ಈ ಪ್ರಶ್ನೆಗೆ ಸರಿಯಾದ ಚಿಕ್ಕ ದಾರಿ. ನಾನೂ ಕ್ಲಾಸ್‌ನಲ್ಲಿ ಹೀಗೆಯೇ ಮಾಡಿಸುತ್ತಿದ್ದೆ. ಕೊನೆಯಲ್ಲಿ ಮಾತ್ರ ಜಾರಿದೆ. "E, A ಗೆ ಯಾವ ಷರತ್ತೂ ಇಲ್ಲ" ಅನ್ನುವುದು ಕೇಳಲು ಸರಿ ಅನಿಸುತ್ತದೆ, ಆದರೆ ಮೊದಲ ಜಾಗ ಒಂದೇ ಇರುವುದು. U ಅದನ್ನು ಜಾಸ್ತಿ ಸಲ ಹಿಡಿದರೆ ಬೇರೆಯವರಿಗೆ ಕಡಿಮೆ ಸಲ ಸಿಗಬೇಕಲ್ವಾ? ಷರತ್ತು ಇಲ್ಲದಿದ್ದಾಗ U ಗೆ ಮೊದಲ ಜಾಗ ಸಿಗುವುದು 2/9. ಷರತ್ತು ಬಂದ ಮೇಲೆ 1/4, ಸ್ವಲ್ಪ ಜಾಸ್ತಿ. ಉಳಿದ 3/4 ಅನ್ನು ಮಿಕ್ಕ ಏಳು ಅಕ್ಷರ ಸಮವಾಗಿ ಹಂಚಿಕೊಳ್ಳಬೇಕು, ಯಾಕೆಂದರೆ ಆ ಏಳರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದ ಇಲ್ಲ. ಒಬ್ಬೊಬ್ಬರಿಗೆ 3/28. E ಮತ್ತು A ಸೇರಿ 6/28. ಅದಕ್ಕೆ 7/28 ಕೂಡಿಸು. 13/28.

ನಿನ್ನ ಲೆಕ್ಕದಲ್ಲಿ ಒಂಬತ್ತಕ್ಕೂ ಮೊದಲ ಜಾಗದ ಪಾಲು ಕೊಟ್ಟು ನೋಡು. U ಗಳಿಗೆ 1/4, ಉಳಿದ ಏಳಕ್ಕೆ 7/9. ಕೂಡಿದರೆ 37/36. ಒಂದನ್ನು ದಾಟಿತು.

---

ಮಗ್ಗಿ ಮಂಜ

37/36 😐 ಸರಿ ಬಿಡಿ. ಒಪ್ಪಿದೆ. ಮಾರ್ಕ್ಸ್ ಮಾತ್ರ ವಾಪಸ್ ಕೊಡಲ್ಲ.

---

ಹನುಮಂತನಗರ ಎಕ್ಸ್‌ಪ್ರೆಸ್

ಲೆಕ್ಕ ಒಪ್ಪಿದೆ ಟೀಚರ್. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. U ಗಳು ದೂರ ಇರಬೇಕು ಅಂದ ಮಾತ್ರಕ್ಕೆ ಮೊದಲ ಜಾಗ ಅವಕ್ಕೆ ಯಾಕೆ ಜಾಸ್ತಿ ಸಿಗಬೇಕು?

---

ಯಲಹಂಕದ ಶಾರದಕ್ಕ

ನಂಗೆ ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಮಗ ಈ ಚರ್ಚೆ ತೋರಿಸಿದ. ಇದು ನಮ್ಮ ಮನೆ ಮದುವೆ ಊಟದ ಪಂಕ್ತಿ ಕಥೆ ಕಣ್ರೀ.

ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರಿಗೂ ಒಂದು ಮೂವತ್ತು ನಲವತ್ತು ಸೈಟಿನ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳಾಗಿವೆ. ತಂಗಿ ಮದುವೆಯಲ್ಲಿ ಕೊನೇ ಪಂಕ್ತಿಗೆ ಸರಿಯಾಗಿ ಒಂಬತ್ತು ಎಲೆ ಹಾಕಿದ್ದರು. ಕೂರಿಸುವ ಜವಾಬ್ದಾರಿ ನನ್ನದು. ದೊಡ್ಡಪ್ಪ ಮಧ್ಯದ ಎಲೆ ಮುಂದೆ ಕೂತರೆ ಅವರ ಎಡಗಡೆ ಎಲೆಗೂ ಬಲಗಡೆ ಎಲೆಗೂ ಚಿಕ್ಕಪ್ಪ ಬರದ ಹಾಗೆ ಕಾಯಬೇಕು. ಅದೇ ದೊಡ್ಡಪ್ಪನನ್ನು ತುದಿ ಎಲೆಗೆ ಕೂರಿಸಿದರೆ ಒಂದೇ ಪಕ್ಕ ಕಾದರೆ ಸಾಕು, ಇನ್ನೊಂದು ಪಕ್ಕ ಗೋಡೆ. ಹಾಗಾಗಿ ಜಗಳಗಂಟರು ತಾವಾಗಿಯೇ ತುದಿಗೆ ಸೇರಿಕೊಳ್ಳುತ್ತಾರೆ. ಉಪ್ಪು, ಕೋಸಂಬರಿ ಬಡಿಸುವುದು ತುದಿಯಿಂದಲೇ ಅಂತ ದೊಡ್ಡಪ್ಪಂಗೆ ಖುಷಿ ಬೇರೆ.

ಇದಕ್ಕೂ ನಿಮ್ಮ U ಗೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಹೇಳಿ.

---

ಲೆಕ್ಕದ ಟೀಚರಮ್ಮ

ಶಾರದಕ್ಕ, ಸಂಬಂಧ ಅಲ್ಲ, ಅದೇ ಉತ್ತರ! ಎಕ್ಸ್‌ಪ್ರೆಸ್ ಅವರಿಗೆ ನಾನು ಹೇಳಬೇಕಾಗಿದ್ದು ಇದೇ. ತುದಿಯಲ್ಲಿ ಒಂದು U ಇದ್ದರೆ ಇನ್ನೊಂದಕ್ಕೆ 7 ಜಾಗ ಬಾಕಿ. ಮಧ್ಯದಲ್ಲಿ ಎಲ್ಲಿದ್ದರೂ 6 ಜಾಗ ಮಾತ್ರ. ಷರತ್ತು ಹಾಕಿದಾಗ ಮಧ್ಯದ ಜೋಡಿಗಳು ಜಾಸ್ತಿ ಕತ್ತರಿಸಿ ಹೋಗುತ್ತವೆ, ತುದಿಯವು ಕಡಿಮೆ. ಉಳಿದವರಲ್ಲಿ ತುದಿಯವರ ಪಾಲು ಏರುತ್ತದೆ. ಅದಕ್ಕೇ 2/9 ಹೋಗಿ 1/4 ಆಯಿತು.

ಅದೇ ಒಂಬತ್ತು ಜನರನ್ನು ದುಂಡು ಮೇಜಿನ ಸುತ್ತ ಕೂರಿಸಿ, ಬಾಗಿಲ ಹತ್ತಿರದ ಕುರ್ಚಿಯನ್ನು ಒಂದನೇ ನಂಬರ್ ಅಂದುಕೊಳ್ಳಿ. ಅಲ್ಲಿ ತುದಿಯೇ ಇಲ್ಲ, ಎಲ್ಲರಿಗೂ ಎರಡು ಪಕ್ಕ. ಆಗ ಜಗಳಗಂಟರಲ್ಲಿ ಒಬ್ಬರು ಆ ಕುರ್ಚಿಯಲ್ಲಿರುವುದು ಷರತ್ತು ಇದ್ದರೂ 2/9, ಇಲ್ಲದಿದ್ದರೂ 2/9. ಅಲ್ಲಿ ಎಕ್ಸ್‌ಪ್ರೆಸ್ ಅವರ 4/9 ಸರಿಯಾಗುತ್ತಿತ್ತು.

---

ಯಲಹಂಕದ ಶಾರದಕ್ಕ

ದುಂಡು ಮೇಜು ಬಫೆಯವರಿಗೆ. ನಮ್ಮದು ಎಲೆ ಊಟ.

---

ಕೋಡ್ ಕುಟ್ಟಪ್ಪ

ನಾನು ಸುಮ್ನೆ ಇರಲಾರದೆ ಆಫೀಸಿನಲ್ಲಿ ಒಂದು ಸಿಮ್ಯುಲೇಶನ್ ಓಡಿಸಿದೆ. ಅಕ್ಷರಗಳನ್ನು 1000 ಸಲ ಕಲಸಿ, UU ಇದ್ದವನ್ನು ಬಿಟ್ಟು, ಉಳಿದವುಗಳಲ್ಲಿ ಸ್ವರದಿಂದ ಶುರುವಾದದ್ದನ್ನು ಎಣಿಸಿದೆ. 0.449 ಬಂತು. ಅದು 4/9 ಗೆ ಹತ್ತಿರ, 13/28 ಗೆ ಅಲ್ಲ. ಟೀಚರ್, ಎಲ್ಲೋ ತಪ್ಪಾಗಿದೆ ಅನಿಸುತ್ತೆ.

---

ರಾತ್ರಿ ಪಾಳಿ

ಕುಟ್ಟಪ್ಪ ಅವರೇ, ಇನ್ನೊಂದು ಸಲ ಓಡಿಸಿ. ಬೇರೆ ಸಂಖ್ಯೆ ಬರುತ್ತದೆ.

---

ಕೋಡ್ ಕುಟ್ಟಪ್ಪ

ಓಡಿಸಿದೆ. 0.487. ಮೂರನೇ ಸಲ 0.461. ಥೂ.

---

ರಾತ್ರಿ ಪಾಳಿ

ಆಗಲೇಬೇಕು. ನಾನು ದತ್ತಾಂಶದ ಕೆಲಸ ಮಾಡುವವನು, ಇದೇ ನನ್ನ ದಿನನಿತ್ಯದ ಗೋಳು. 1000 ಸಲ ಕಲಸಿದರೆ UU ಬಂದವು ಹೋಗಿ ಸುಮಾರು 780 ಉಳಿಯುತ್ತವೆ. ಅಷ್ಟು ಸಲದಲ್ಲಿ ಬರೀ ಅದೃಷ್ಟದಿಂದಲೇ ಉತ್ತರ 0.018 ರಷ್ಟು ಆಚೀಚೆ ಓಲಾಡುವುದು ಮಾಮೂಲಿ, ಒಮ್ಮೊಮ್ಮೆ ಅದರ ಎರಡರಷ್ಟೂ. 4/9 ಮತ್ತು 13/28 ನಡುವಿನ ಅಂತರವೇ 0.02. ತರಕಾರಿ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗಾಯಿತು. ಅಂತರ ಕಾಣಬೇಕು ಅಂದರೆ ಒಂದು ಲಕ್ಷ ಸಲ ಓಡಿಸಿ, ಓಲಾಟ 0.002 ಕ್ಕೆ ಇಳಿಯುತ್ತದೆ. ನೂರು ಪಟ್ಟು ಕೆಲಸ ಮಾಡಿದರೆ ಹತ್ತು ಪಟ್ಟು ನಿಖರ, ಅಷ್ಟೇ.

ಆದರೆ ಇಲ್ಲಿ ಸಿಮ್ಯುಲೇಶನ್ನೇ ಬೇಡ. 9! ಅಂದರೆ 362880. ಅಷ್ಟನ್ನೂ ಒಂದೊಂದಾಗಿ ನೋಡಬಹುದು.

```python
from itertools import permutations
t = v = 0
for p in permutations("BENGALURU"):
    s = "".join(p)
    if "UU" in s:
        continue
    t += 1
    if s[0] in "AEU":
        v += 1
print(v, t)
```

ಬರುವುದು `131040 282240`. ಭಾಗಿಸಿದರೆ 13/28.

---

ಗಿರಿನಗರದ ಪುಟ್ಟಿ

ಅಣ್ಣಾ, ನನಗೆ 65520 ಮತ್ತು 141120 ಬಂದಿತ್ತು. ನಿಮ್ಮದು ಎರಡೂ ಡಬಲ್ ಆಗಿದೆಯಲ್ಲ?

---

ರಾತ್ರಿ ಪಾಳಿ

ಒಳ್ಳೆ ಕಣ್ಣು! ಕಂಪ್ಯೂಟರಿಗೆ ಎರಡು U ಒಂದೇ ಅಂತ ಗೊತ್ತಿಲ್ಲ. ಅದು ಜಾಗ ನೋಡಿ ಎಣಿಸುತ್ತದೆ, ಏಳನೇ U ಬೇರೆ, ಒಂಬತ್ತನೇ U ಬೇರೆ. ಹಾಗಾಗಿ ಪ್ರತಿ ಸಾಲೂ ಎರಡೆರಡು ಸಲ ಬಂತು. ಮೇಲೂ ಎರಡು ಪಟ್ಟು, ಕೆಳಗೂ ಎರಡು ಪಟ್ಟು, ಭಾಗಿಸಿದಾಗ ಹೊಡೆದುಹೋಯಿತು.

---

ಮಗ್ಗಿ ಮಂಜ

ಹಾಗಾದರೆ 2! ಇಂದ ಭಾಗಿಸಬೇಕೋ ಬೇಡವೋ? ನಮ್ಮ ಸರ್ "ಒಂದೇ ಅಕ್ಷರ ಎರಡು ಸಲ ಬಂದರೆ ಕಣ್ಣು ಮುಚ್ಚಿ 2! ಇಂದ ಭಾಗಿಸು" ಅಂತಾರೆ.

---

ಲೆಕ್ಕದ ಟೀಚರಮ್ಮ

ಎಷ್ಟು ಜೋಡಣೆ ಅಂತ ಕೇಳಿದರೆ ಭಾಗಿಸಲೇಬೇಕು. ಸಂಭವನೀಯತೆ ಕೇಳಿದರೆ ನಿನ್ನಿಷ್ಟ, ಆದರೆ ಮೇಲೆ ಕೆಳಗೆ ಒಂದೇ ನಿಯಮ ಇರಬೇಕು. ಮೇಲೆ ಭಾಗಿಸಿ ಕೆಳಗೆ ಬಿಟ್ಟರೆ 65520/282240, ಅಂದರೆ 13/56 ಬರುತ್ತದೆ. ನಿನ್ನ ಉತ್ತರ ಒಂದು ಆಯ್ಕೆಯ ಸರಿಯಾದ ಅರ್ಧ ಅಥವಾ ಸರಿಯಾದ ಎರಡರಷ್ಟು ಆಗಿದ್ದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಕಣ್ಣು ಮುಚ್ಚಿ ಮಾತ್ರ ಏನನ್ನೂ ಭಾಗಿಸಬೇಡ ಮಾರಾಯ.

---

ಚಾಮರಾಜಪೇಟೆ ಚಿನ್ನಿ

ನಾನು ಕನ್ನಡ ಮೀಡಿಯಂ. ನನಗೆ ತೊಂದರೆ ಕೊಡುವುದು ಲೆಕ್ಕ ಅಲ್ಲ, ವಾಕ್ಯ. "U ಗಳು ಅಕ್ಕಪಕ್ಕ ಇಲ್ಲದೆ ಸ್ವರದಿಂದ ಆರಂಭವಾಗುವ ಸಂಭವನೀಯತೆ" ಅಂತ ಕೇಳಿದರೆ ಅದೂ ಇದೇನಾ?

---

ಲೆಕ್ಕದ ಟೀಚರಮ್ಮ

ಅಲ್ಲ ಮರಿ, ಅದು ಬೇರೆ. "ಇಲ್ಲದೆ" ಅಂದರೆ ಎರಡೂ ಒಟ್ಟಿಗೆ ಆಗಬೇಕು, ನಿನಗೆ ಮೊದಲೇ ಏನೂ ತಿಳಿದಿಲ್ಲ. ಆಗ ಛೇದ ಪೂರ್ತಿ 36 ಜೋಡಿ, ಉತ್ತರ 13/36. "ಇಲ್ಲ ಎಂದು ತಿಳಿದಿದೆ", "ಎಂದು ಕೊಟ್ಟಿದೆ", "ಆಗಿದ್ದರೆ" ಅಂತ ಬಂದರೆ ಮಾತ್ರ ಛೇದ 28 ಕ್ಕೆ ಇಳಿಯುತ್ತದೆ. ಎರಡರಲ್ಲೂ ಮೇಲಿನ 13 ಒಂದೇ, ಕೆಳಗಿನ ಸಂಖ್ಯೆ ಮಾತ್ರ ಬದಲಾಗುತ್ತದೆ. ಪ್ರಶ್ನೆ ಓದುವಾಗ ಆ ಒಂದು ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆ.

13/36 ಇನ್ನೊಂದು ಕೆಲಸಕ್ಕೂ ಬರುತ್ತದೆ. U ಗಳು ಅಂಟಿಕೊಂಡಿದ್ದರೆ ಅವನ್ನು ಒಂದೇ ಗಂಟು ಅಂದುಕೋ. ಆಗ ಎಂಟು ವಸ್ತು, ಅದರಲ್ಲಿ ಸ್ವರದವು ಮೂರು, ಸ್ವರದಿಂದ ಶುರುವಾಗುವುದು 3/8. ಅಂಟಿಕೊಳ್ಳುವುದೇ 8/36. ಗುಣಿಸಿದರೆ 3/36. ಈಗ 13/36 ಮತ್ತು 3/36 ಕೂಡಿಸು. 16/36, ಅಂದರೆ 4/9. ಎಕ್ಸ್‌ಪ್ರೆಸ್ ಅವರ ಉತ್ತರ ಎಲ್ಲಿಗೂ ಹೋಗಿಲ್ಲ, ಅದು ಎರಡು ಭಾಗವಾಗಿ ಒಡೆದಿದೆ ಅಷ್ಟೇ.

---

ಹನುಮಂತನಗರ ಎಕ್ಸ್‌ಪ್ರೆಸ್

ಓಹೋ! ಹಾಗಾದರೆ ಅಂಟಿದಾಗ 3/8, ಅದು 4/9 ಕ್ಕಿಂತ ಕಡಿಮೆ. ಒಟ್ಟು ಸರಾಸರಿ 4/9 ಆಗಬೇಕು ಅಂದರೆ ಅಂಟದಿದ್ದಾಗ 4/9 ಕ್ಕಿಂತ ಜಾಸ್ತಿ ಇರಲೇಬೇಕು. ನನ್ನ ಆಯ್ಕೆ ಎ ಆಗಲು ಸಾಧ್ಯವೇ ಇರಲಿಲ್ಲ. ಇದು ನಂಗೆ ಇಷ್ಟ ಆಯ್ತು.

---

ರಾತ್ರಿ ಪಾಳಿ

ಇನ್ನೂ ಒಂದು ಹೆಜ್ಜೆ ಹೋಗಿ. ಅಂಟುವುದು 36 ರಲ್ಲಿ ಬರೀ 8 ಸಲ. ಅಷ್ಟು ಚಿಕ್ಕ ಭಾಗ 4/9 ಇಂದ 0.07 ಕೆಳಗಿದ್ದರೆ, ಇನ್ನೊಂದು ದೊಡ್ಡ ಭಾಗ ಸ್ವಲ್ಪ ಮಾತ್ರ ಮೇಲೇರಬೇಕು, ಸುಮಾರು 0.02. 1/2 ಆಗಬೇಕಾದರೆ 0.056 ಏರಬೇಕು. ಸಿ, ಡಿ ಎರಡೂ ಅಲ್ಲೇ ಬಿದ್ದವು.

---

ಮಗ್ಗಿ ಮಂಜ

ಇದನ್ನೆಲ್ಲ 80 ಸೆಕೆಂಡಿನಲ್ಲಿ? ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಗೊತ್ತಿಲ್ಲದಿದ್ದರೆ ಒಂದು ತುಂಬಿ ನಡೀರಿ.

---

ಗಿರಿನಗರದ ಪುಟ್ಟಿ

ನಾನು ಜೆಇಇ ಮೇನ್ ಕೂಡ ಬರೆಯುತ್ತಿದ್ದೇನೆ ಅಣ್ಣ. ಅಲ್ಲಿ ಸರಿಯಾದರೆ 4, ತಪ್ಪಾದರೆ 1 ಕಟ್. ಎರಡು ಆಯ್ಕೆ ಉಳಿಸಿಕೊಂಡು ಹೊಡೆದರೂ ಲಾಭವೇ, ಆದರೆ ಇಂಥ ಪ್ರಶ್ನೆಯಲ್ಲಿ "ಹತ್ತಿರ" ಅಂತ ಅನಿಸುವುದೇ ಬಲೆ. ಟೀಚರ್ ಹೇಳಿದ 28 ಜೋಡಿ ದಾರಿಯಲ್ಲಿ ಈಗ ಗಡಿಯಾರ ಇಟ್ಟು ಮಾಡಿದೆ, 50 ಸೆಕೆಂಡ್. 9! ದಾರಿಯಲ್ಲಿ ಪರೀಕ್ಷೆ ದಿನ ನಾಲ್ಕು ನಿಮಿಷ ಹೋಗಿತ್ತು, ಅದರಲ್ಲಿ ಎರಡು ನಿಮಿಷ ಬರೀ 65520 ಮತ್ತು 141120 ನ ಸಂಕ್ಷೇಪಿಸುವುದರಲ್ಲಿ.

---

ಅರಳೀಕಟ್ಟೆ ರಾಯರು

ಎಲ್ಲ ಸರಿ, ಇದು BANGALORE ಆಗಿದ್ದಾಗ ಎಷ್ಟಿತ್ತು? 2014 ರ ನವೆಂಬರ್ 1 ರಂದು ಹೆಸರು ಬದಲಾದ ಮೇಲೆ ನಮ್ಮ ಊರಿಗೆ ಲಾಭ ಆಯಿತೋ ನಷ್ಟವೋ ತಿಳಿಯಲಿ 😄

---

ಚಾಮರಾಜಪೇಟೆ ಚಿನ್ನಿ

BANGALORE ನಲ್ಲೂ ಒಂಬತ್ತು ಅಕ್ಷರ. A ಎರಡು ಸಲ, ಮತ್ತೆ O, E. ನಾಲ್ಕು ಸ್ವರ. B N G L R ಐದು ವ್ಯಂಜನ, ಅವೇ ಐದು! A ಗಳು ಅಕ್ಕಪಕ್ಕ ಇಲ್ಲ ಅಂದರೆ ಅದೇ 13/28. ರಾಯರೇ, ಲಾಭವೂ ಇಲ್ಲ, ನಷ್ಟವೂ ಇಲ್ಲ.

---

ಲೆಕ್ಕದ ಟೀಚರಮ್ಮ

ಭೇಷ್ ಚಿನ್ನಿ!

---

ಅರಳೀಕಟ್ಟೆ ರಾಯರು

ಬೋರ್ಡ್ ಬರೆಯುವವರಿಗೆ ಮಾತ್ರ ಲಾಭ ಅನ್ನಿ. ಹಾಗಾದರೆ TUMAKURU? ಅಲ್ಲಿ ಮೂರು U ಇವೆ. ನಮ್ಮತ್ತೆ ಊರು.

---

ಮಗ್ಗಿ ಮಂಜ

ನಾನು ಮಾಡ್ತೀನಿ. ಎಂಟು ಅಕ್ಷರ. U ಗಳು ಅಕ್ಕಪಕ್ಕ ಇಲ್ಲ. ಮೂರು U ಗೆ ಜಾಗ 20 ರೀತಿ. ಮೊದಲ ಜಾಗದಲ್ಲಿ U ಇರುವುದು 10. ಅಂದರೆ ಅರ್ಧ. ಉಳಿದ ಅರ್ಧವನ್ನು ಐದು ಅಕ್ಷರ ಹಂಚಿಕೊಳ್ಳಬೇಕು, ಅದರಲ್ಲಿ A ಪಾಲು 1/10. ಒಟ್ಟು 3/5. ಈ ಸಲ ಪಾಲು ಸರಿಯಾಗಿ ಹಂಚಿದ್ದೀನಿ ಟೀಚರ್.

---

ಕೋಡ್ ಕುಟ್ಟಪ್ಪ

ನಂಗೆ 13/25. ಮೂರು U ಗೆ ಒಟ್ಟು 56 ರೀತಿ, ಮೂರೂ ಒಟ್ಟಿಗೆ ಇರುವುದು 6, ಉಳಿದದ್ದು 50. U ಮೊದಲು ಇರುವುದು 20. A ಗೆ ಮಿಕ್ಕ 30 ರಲ್ಲಿ ಐದನೇ ಒಂದು, 6. ಸೇರಿ 26/50.

---

ಮಗ್ಗಿ ಮಂಜ

ಗುರೂ, "ಮೂರೂ ಒಟ್ಟಿಗೆ ಇಲ್ಲ" ಅಂತ ಯಾರು ಹೇಳಿದರು? "ಅಕ್ಕಪಕ್ಕ ಇಲ್ಲ" ಅಂದರೆ ಯಾವ ಎರಡೂ ಪಕ್ಕ ಇಲ್ಲ ಅಂತ.

---

ಕೋಡ್ ಕುಟ್ಟಪ್ಪ

ರಾಯರು ಯಾವುದನ್ನೂ ಹೇಳಲಿಲ್ಲ. ಮೂವರು ಅಕ್ಕಪಕ್ಕ ಕೂತಿಲ್ಲ ಅಂದರೆ ಇಬ್ಬರು ಕೂತಿರಬಹುದಲ್ಲ.

---

ಯಲಹಂಕದ ಶಾರದಕ್ಕ

ನಮ್ಮ ಮನೆಯಲ್ಲಿ ಮೂರನೆಯವರು ಸೋದರಮಾವ. ಅವರಿಗೆ ದೊಡ್ಡಪ್ಪನ ಜತೆ ಮಾತಿದೆ, ಚಿಕ್ಕಪ್ಪನ ಜತೆ ಇಲ್ಲ. ಇದಕ್ಕೆ ಎಷ್ಟು?

---

ಲೆಕ್ಕದ ಟೀಚರಮ್ಮ

ಶಾರದಕ್ಕ, ಅದು ಮೂರನೇ ಪ್ರಶ್ನೆ! ಆಗ ಮೂವರೂ ಒಂದೇ ತರದ U ಅಲ್ಲ. ಚಿಕ್ಕಪ್ಪನ ಪಾಲು ಬೇರೆ, ಉಳಿದಿಬ್ಬರದ್ದು ಬೇರೆ. ಚಿಕ್ಕಪ್ಪನನ್ನು ತುದಿಗೆ ಕೂರಿಸಿಬಿಡಿ. ಉಳಿದದ್ದು ರಾತ್ರಿ ಅಡುಗೆ ಮುಗಿಸಿ ಬರೆಯುತ್ತೇನೆ.

---

ಗಿರಿನಗರದ ಪುಟ್ಟಿ

ಇವತ್ತು ಕ್ಲಾಸ್ ಮುಗಿದ ಮೇಲೆ ಸರ್‌ಗೆ ಬೋರ್ಡ್ ಮೇಲೆ 146160 ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "UU ಇಂದ ಶುರುವಾಗುವುದನ್ನು ಕಳೆಯುವುದು ಬಿಟ್ಟುಹೋಗಿದೆ, ಹೌದು" ಅಂದು ತಾವೇ ಒರೆಸಿ 35280 ಬರೆದರು. ಕೀ ಉತ್ತರ ತಿದ್ದುತ್ತಾರಂತೆ. ಆದರೆ ರ‍್ಯಾಂಕ್ ಪಟ್ಟಿ ಆಗಲೇ ಎಲ್ಲರ ಅಪ್ಪ ಅಮ್ಮಂದಿರ ಮೊಬೈಲ್‌ಗೆ ಹೋಗಿದೆ, ಅದನ್ನು ಮತ್ತೆ ಕಳಿಸುವುದಿಲ್ಲವಂತೆ. ಸಿ ಹೊಡೆದವರೆಲ್ಲ ಈಗ ನನ್ನ ಮೇಲೆ ಗುರ್ ಅಂತಿದ್ದಾರೆ.

TUMAKURU ಗೆ ನಂಗೂ 3/5.